ಆಮೇಲೆ ಕೊಡುವ ಹಣ: ಬೆಲೆಯೋ, ಸಂಬಳವೋ?

ಕಂಪನಿಯೊಂದನ್ನು ಕೊಂಡು ಹತ್ತು ತಿಂಗಳಾಗಿತ್ತು. ಕೊಂಡವರ ಹಣಕಾಸು ಮುಖ್ಯಸ್ಥರು ಫೋನ್ ಮಾಡಿದರು. "ಸರ್, ಮಾರಿದವರಿಗೆ ಮುಂದಿನ ವರ್ಷ ಕೊಡಬೇಕಾದ ಮೊತ್ತ ಹೆಚ್ಚಾಗುವಂತೆ ಕಾಣುತ್ತಿದೆ. ಆ ಹೆಚ್ಚಳವನ್ನು ಗುಡ್‌ವಿಲ್‌ಗೆ ಸೇರಿಸಿಬಿಡೋಣ. ಇನ್ನೂ ಒಂದು ವರ್ಷ ಮುಗಿದಿಲ್ಲವಲ್ಲ?" ಈ ಪ್ರಶ್ನೆ ನನಗೆ ಹೊಸದಲ್ಲ. ಆದರೆ ಈ ಸಲ ಉತ್ತರ ಹುಡುಕಲು ಹೋದಾಗ, ಪ್ರಶ್ನೆಯೇ ತಪ್ಪು ಜಾಗದಲ್ಲಿ ಹುಟ್ಟಿದೆ ಎಂದು ಗೊತ್ತಾಯಿತು.

ಒಪ್ಪಂದ ಹೀಗಿತ್ತು. ಕೊಳ್ಳುವ ದಿನ 60 ಕೋಟಿ ಕೊಡುವುದು. ಎರಡನೆಯ ವರ್ಷದಲ್ಲಿ ಕಂಪನಿಯ ಕಾರ್ಯಾಚರಣೆಯ ಲಾಭ 15 ಕೋಟಿ ಮುಟ್ಟಿದರೆ, ಆ ವರ್ಷದ ಕೊನೆಗೆ ಇನ್ನೂ 20 ಕೋಟಿ ಕೊಡುವುದು. ಮುಟ್ಟದಿದ್ದರೆ ಏನೂ ಇಲ್ಲ. ಇದನ್ನೇ ವ್ಯವಹಾರದ ಮಾತಿನಲ್ಲಿ ಅರ್ನ್‌ಔಟ್ ಎನ್ನುವುದು. ಮಾರುವವರು ತಮ್ಮ ಕಂಪನಿಗೆ 80 ಕೋಟಿ ಬೆಲೆಯಿದೆ ಎನ್ನುತ್ತಾರೆ, ಕೊಳ್ಳುವವರಿಗೆ ಅಷ್ಟು ನಂಬಿಕೆಯಿಲ್ಲ. ಜಗಳವನ್ನು ಬಗೆಹರಿಸುವ ಬದಲು ಇಬ್ಬರೂ ಸೇರಿ ಅದನ್ನು ಎರಡು ವರ್ಷ ಮುಂದಕ್ಕೆ ಹಾಕಿರುತ್ತಾರೆ.

ಆ 20 ಕೋಟಿ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ ಎಂದು ಲೆಕ್ಕದಿಂದ ಹೊರಗಿಡುವಂತಿಲ್ಲ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ 3ರ ಪ್ರಕಾರ ಕೊಂಡ ದಿನವೇ ಅದರ ನ್ಯಾಯೋಚಿತ ಮೌಲ್ಯವನ್ನು ಅಂದಾಜು ಮಾಡಿ ಬೆಲೆಯ ಭಾಗವಾಗಿ ಸೇರಿಸಬೇಕು. ಗುರಿ ಮುಟ್ಟುವ ಸಂಭವ 60% ಎಂದು ಮೌಲ್ಯಮಾಪಕರು ಹೇಳಿದ್ದರು. 20 ಕೋಟಿಯ 60% ಎಂದರೆ 12 ಕೋಟಿ. ಅದು ಕೈಗೆ ಬರುವುದು ಎರಡು ವರ್ಷದ ಮೇಲೆ, ಹಾಗಾಗಿ ವರ್ಷಕ್ಕೆ 10%ರಂತೆ ಇಂದಿನ ಮೌಲ್ಯಕ್ಕೆ ಇಳಿಸಿದರೆ 9.92 ಕೋಟಿ. ಒಟ್ಟು ಬೆಲೆ 69.92 ಕೋಟಿ. ಕಂಪನಿಯ ಗುರುತಿಸಬಹುದಾದ ನಿವ್ವಳ ಆಸ್ತಿ 40 ಕೋಟಿ. ಉಳಿದ 29.92 ಕೋಟಿ ಗುಡ್‌ವಿಲ್. (ಹೀಗೆ ಸಂಭವದಿಂದ ಗುಣಿಸುವುದು ಅರ್ಥಮಾಡಿಸಲು ಸಾಕು. ಲಾಭ ಒಂದು ಗೆರೆ ದಾಟಿದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ ಎಂಬಂಥ ಷರತ್ತನ್ನು ನಿಜವಾಗಿ ಬೆಲೆಕಟ್ಟುವಾಗ ಆಪ್ಷನ್‌ಗಳಿಗೆ ಬಳಸುವ ವಿಧಾನವೇ ಬೇಕು. ಲಾಭಕ್ಕಿರುವ ಮಾರುಕಟ್ಟೆಯ ಅಪಾಯ ಈ ಸರಳ ಗುಣಾಕಾರದಲ್ಲಿ ಬರುವುದಿಲ್ಲ.)

ಈಗ ಹಣಕಾಸು ಮುಖ್ಯಸ್ಥರ ಪ್ರಶ್ನೆ. ವ್ಯಾಪಾರ ಚೆನ್ನಾಗಿ ನಡೆದಿತ್ತು, ಗುರಿ ಮುಟ್ಟುವ ಸಂಭವ 90%ಕ್ಕೆ ಏರಿತ್ತು. ಮೊದಲ ವರ್ಷದ ಕೊನೆಗೆ ಬಾಧ್ಯತೆ 18 ಕೋಟಿಯ ಒಂದು ವರ್ಷ ಹಿಂದಿನ ಮೌಲ್ಯ, ಅಂದರೆ 16.36 ಕೋಟಿ ಆಗುತ್ತದೆ. 6.44 ಕೋಟಿ ಹೆಚ್ಚಾಯಿತು. ಅದು ಎಲ್ಲಿಗೆ ಹೋಗಬೇಕು?

ಮಾನದಂಡದಲ್ಲಿ ಒಂದು ವರ್ಷದವರೆಗಿನ ಅಳತೆಯ ಅವಧಿ ಇರುವುದು ನಿಜ. ಆದರೆ ಅದು ಕೊಂಡ ದಿನ ಇದ್ದ, ಆದರೆ ಆಗ ಕೈಗೆ ಸಿಗದ ಮಾಹಿತಿಗೆ ಮಾತ್ರ. ಆ ದಿನ ಗೋದಾಮಿನಲ್ಲಿದ್ದ ದಾಸ್ತಾನು ಕಡಿಮೆಯಿತ್ತು ಎಂದು ಐದು ತಿಂಗಳ ಮೇಲೆ ತಿಳಿದರೆ ಗುಡ್‌ವಿಲ್ ತಿದ್ದಬಹುದು. ಕೊಂಡ ಮೇಲೆ ವ್ಯಾಪಾರ ಕುದುರಿತು ಎಂಬುದು ಹೊಸ ಸಂಗತಿ. ಲಾಭದ ಗುರಿ ಮುಟ್ಟುವುದನ್ನು ಮಾನದಂಡ ಹೆಸರಿಟ್ಟೇ ಹೊರಗಿಟ್ಟಿದೆ. ನಗದಾಗಿ ಕೊಡಬೇಕಾದ ಬಾಧ್ಯತೆಯಾದ್ದರಿಂದ ಆ 6.44 ಕೋಟಿ ನೇರವಾಗಿ ಲಾಭ-ನಷ್ಟ ಖಾತೆಗೆ, ಖರ್ಚಾಗಿ. ಎರಡನೆಯ ವರ್ಷ ಗುರಿ ಮುಟ್ಟಿ 20 ಕೋಟಿ ಕೊಟ್ಟಾಗ ಉಳಿದ 3.64 ಕೋಟಿಯೂ ಅಲ್ಲಿಗೇ.

ಇದು ಯಾರಿಗೂ ರುಚಿಸುವುದಿಲ್ಲ. ಕೊಂಡ ಕಂಪನಿ ಚೆನ್ನಾಗಿ ನಡೆದರೆ ನಷ್ಟ ತೋರಿಸಬೇಕು. ಮುಗ್ಗರಿಸಿದರೆ ಬಾಧ್ಯತೆ ಕರಗಿ ಲಾಭ ಬರುತ್ತದೆ. 2008ರಲ್ಲಿ ಮಾನದಂಡ ಪರಿಷ್ಕೃತವಾಗುವ ಮುಂಚೆ ಇಂಥ ಹೊಂದಾಣಿಕೆ ಗುಡ್‌ವಿಲ್‌ಗೇ ಹೋಗುತ್ತಿತ್ತು, ಹಳಬರ ಮನಸ್ಸು ಇನ್ನೂ ಅಲ್ಲೇ ಇದೆ. ಅಂದಾಜು ಬಾಧ್ಯತೆ ಕರಗಿ ಬಂದ ಲಾಭವನ್ನು ಕಂಡಾಗ ನಾನು ಮೊದಲು ನೋಡುವುದು ಪಕ್ಕದ ಸಾಲನ್ನು: ಅದೇ ಕಂಪನಿಯ ಗುಡ್‌ವಿಲ್ ಮೌಲ್ಯ ಕುಸಿತದ ಪರೀಕ್ಷೆಗೆ ಒಳಗಾಗಿದೆಯೇ? ಗುರಿ ತಪ್ಪಿತು ಎಂದು ಒಂದು ಕಡೆ ಒಪ್ಪಿಕೊಂಡು, 29.92 ಕೋಟಿ ಗುಡ್‌ವಿಲ್ ಹಾಗೇ ಉಳಿದಿದೆ ಎಂದು ಇನ್ನೊಂದು ಕಡೆ ಹೇಳಿದರೆ, ಎರಡರಲ್ಲಿ ಯಾವುದೋ ಒಂದಕ್ಕೆ ವಿವರಣೆ ಬೇಕು.

ಇಷ್ಟನ್ನು ಹೇಳಿ ಮುಗಿಸಬಹುದಿತ್ತು. ಅಭ್ಯಾಸಬಲದಿಂದ, ಷೇರು ಖರೀದಿ ಒಪ್ಪಂದದ ಜೊತೆಗೆ ಸಂಸ್ಥಾಪಕರ ಉದ್ಯೋಗ ಒಪ್ಪಂದಗಳನ್ನೂ ಕಳಿಸಿ ಎಂದೆ. ಷೇರುಗಳೆಲ್ಲ ಇಬ್ಬರು ಸಂಸ್ಥಾಪಕರದೇ ಆಗಿದ್ದವು, ಮಾರಿದ ಮೇಲೂ ಇಬ್ಬರೂ ಅಲ್ಲೇ ಕೆಲಸದಲ್ಲಿದ್ದರು. ಉದ್ಯೋಗ ಒಪ್ಪಂದದ ಅನುಬಂಧದಲ್ಲಿ ಒಂದು ಸಾಲು ಇತ್ತು: ಎರಡು ವರ್ಷ ತುಂಬುವ ಮುಂಚೆ ಯಾರಾದರೂ ತಾವಾಗಿ ಕೆಲಸ ಬಿಟ್ಟರೆ, 20 ಕೋಟಿಯಲ್ಲಿ ಅವರ ಪಾಲು ರದ್ದು.

ಈ ಒಂದು ಸಾಲು ಇಡೀ ಲೆಕ್ಕವನ್ನು ಬುಡಮೇಲು ಮಾಡುತ್ತದೆ. ಷೇರು ಮಾರಿದ್ದಕ್ಕೆ ಕೊಡುವ ಹಣವಾದರೆ, ಮಾರಿದವನು ನಾಳೆ ಎಲ್ಲಿ ಕೆಲಸ ಮಾಡುತ್ತಾನೆ ಎಂಬುದು ಕೊಳ್ಳುವವನಿಗೆ ಏಕೆ ಬೇಕು? ಕೆಲಸ ಬಿಟ್ಟರೆ ಹಣ ತಾನಾಗಿಯೇ ತಪ್ಪಿಹೋಗುವುದಾದರೆ ಅದು ಮುಂದಿನ ಸೇವೆಯ ಪ್ರತಿಫಲ, ಬೆಲೆಯಲ್ಲ ಎನ್ನುತ್ತದೆ ಐಎಫ್‌ಆರ್‌ಎಸ್ 3. ಬೇರೆ ಸೂಚನೆಗಳನ್ನು ತೂಗಿ ನೋಡಬೇಕು, ಆದರೆ ಈ ಷರತ್ತು ಇದ್ದರೆ ತೂಗುವುದೇನೂ ಉಳಿಯುವುದಿಲ್ಲ. ಸಂಸ್ಥಾಪಕರಿಗೆ ಮಾರುಕಟ್ಟೆಯ ಮಟ್ಟದ ಸಂಬಳ ಬೇರೆಯಾಗಿ ಸಿಗುತ್ತಿದೆ ಎಂಬ ವಾದ ಇಲ್ಲಿಯೂ ಬಂತು. ಅದರಿಂದ ಉತ್ತರ ಬದಲಾಗಲಿಲ್ಲ.

ಹಾಗಾದರೆ ಬೆಲೆ 60 ಕೋಟಿ ಮಾತ್ರ, ಗುಡ್‌ವಿಲ್ 20 ಕೋಟಿ. ಆಮೇಲೆ ಕೊಡುವ ಪೂರ್ತಿ 20 ಕೋಟಿ ಎರಡು ವರ್ಷಗಳಲ್ಲಿ ಸಿಬ್ಬಂದಿ ವೆಚ್ಚವಾಗಿ ಲಾಭ-ನಷ್ಟ ಖಾತೆಗೆ ಬರಬೇಕು. ಮೊದಲಿನ ಲೆಕ್ಕದಲ್ಲಿ ಅಲ್ಲಿಗೆ ಬರುತ್ತಿದ್ದದ್ದು 6.44 ಮತ್ತು 3.64 ಸೇರಿ 10.08 ಕೋಟಿ. ಗುಡ್‌ವಿಲ್‌ನಲ್ಲಿ ಕೂತಿದ್ದ 9.92 ಕೋಟಿ ಎದ್ದು ಬಂದು ಖರ್ಚಾಯಿತು, ಅಷ್ಟೇ. ಕಂಪನಿಯಿಂದ ಹೊರಹೋಗುವ ನಗದಿನಲ್ಲಿ ಒಂದು ಪೈಸೆಯ ವ್ಯತ್ಯಾಸವಿಲ್ಲ. ಆದರೆ ಬ್ಯಾಂಕಿನ ಸಾಲದ ಷರತ್ತುಗಳು ಲಾಭದ ಮೇಲೆ ನಿಂತಿದ್ದವು, ಹಣಕಾಸು ಮುಖ್ಯಸ್ಥರು ಬೆವರಿದ್ದು ಅದಕ್ಕೆ. ಆ ವರ್ಷದ ಲೆಕ್ಕ ಇನ್ನೂ ಮುಚ್ಚಿರಲಿಲ್ಲ ಎಂಬುದೊಂದೇ ಸಮಾಧಾನ.

ಇದಕ್ಕಿಂತ ವಿಚಿತ್ರವಾದ ತೊಡಕು ಅಲ್ಲಿಂದ ಮುಂದೆ ಕಾದಿತ್ತು. ಸಂಸ್ಥಾಪಕರು ತಾವು ಮಾರಿದ ಕಂಪನಿಯ ನೌಕರರಾದ್ದರಿಂದ, ಈ ವೆಚ್ಚವನ್ನು ಆ ಕಂಪನಿಯ ಪುಸ್ತಕದಲ್ಲೇ ಬರೆಯಲು ಮುಖ್ಯ ಕಚೇರಿ ಹೊರಟಿತ್ತು. ಎರಡನೆಯ ವರ್ಷ ಲಾಭ 17 ಕೋಟಿ ಬಂತು ಎಂದುಕೊಳ್ಳಿ. ಅದರಿಂದ ಆ ವರ್ಷದ ಪಾಲು ಸುಮಾರು 10 ಕೋಟಿ ಕಳೆದರೆ ಉಳಿಯುವುದು 7 ಕೋಟಿ. ಗುರಿ 15! ಹಣ ಕೊಡಬೇಕಾದೀತು ಎಂದು ಬರೆದ ಖರ್ಚೇ ಹಣ ಕೊಡದಂತೆ ಮಾಡುತ್ತದೆ. ಕೊಡಬೇಕಿಲ್ಲ ಎಂದಾದರೆ ಖರ್ಚು ಬರೆಯುವಂತಿಲ್ಲ; ಬರೆಯದಿದ್ದರೆ ಗುರಿ ಮುಟ್ಟುತ್ತದೆ. ಒಪ್ಪಂದದಲ್ಲಿ ಲಾಭದ ವ್ಯಾಖ್ಯೆಗೆ ಇದ್ದದ್ದು "ಲೆಕ್ಕಪರಿಶೋಧಿತ ಲೆಕ್ಕಪತ್ರದಂತೆ" ಎಂಬ ಮಾತು ಮಾತ್ರ.

ಕೊಂಡವರು ಸಜ್ಜನರು, ಆ ಸುಳಿಯನ್ನು ಬಳಸಿಕೊಳ್ಳಲು ಹೋಗಲಿಲ್ಲ. ಗುರಿಗಾಗಿ ಲಾಭವನ್ನು ಅಳೆಯುವಾಗ ಈ ಪಾವತಿಗೆ ಸಂಬಂಧಿಸಿದ ಯಾವ ವೆಚ್ಚವನ್ನೂ, ಮುಖ್ಯ ಕಚೇರಿ ಹಂಚುವ ಆಡಳಿತ ವೆಚ್ಚವನ್ನೂ ಕಳೆಯತಕ್ಕದ್ದಲ್ಲ ಎಂದು ಎರಡು ಸಾಲಿನ ಪೂರಕ ಒಪ್ಪಂದ ಮಾಡಿಕೊಂಡರು. ಆಡಳಿತ ವೆಚ್ಚದ ಮಾತನ್ನು ಸೇರಿಸಲು ಕೇಳಿದ್ದು ಸಂಸ್ಥಾಪಕರಲ್ಲಿ ಕಿರಿಯರು. ಸಹಿ ಹಾಕುವ ಮುಂಚೆ ಅವರ ವಕೀಲರು ಕೇಳಬೇಕಿದ್ದ ಪ್ರಶ್ನೆ ಅದು.