ಎಲ್‌ಇಡಿ ವಾಲ್ ಮೇಲೆ ಓಡುವ ಪಟ್ಟಿ: ಪ್ಲಗಿನ್‌ಗಿಂತ ಮೊದಲು ಫ್ರೇಮ್ ಎಣಿಸಿ

ಈಗ ಮದುವೆಯ ಆರತಕ್ಷತೆ ಎಂದರೆ ವೇದಿಕೆಯ ಹಿಂದೊಂದು ಎಲ್‌ಇಡಿ ವಾಲ್ ಇದ್ದೇ ಇರುತ್ತದೆ. ಸಭಾಂಗಣದಲ್ಲಿ ಕೂತವರ ಕಣ್ಣಿಗೆ ಅದು ಸ್ವಚ್ಛವಾಗಿಯೇ ಕಾಣುತ್ತದೆ. ಅದೇ ಫೂಟೇಜ್ ಎಡಿಟಿಂಗ್ ಟೇಬಲ್‌ಗೆ ಬಂದಾಗ ವಧೂವರರ ತಲೆಯ ಹಿಂದೆ ಕಪ್ಪು ಪಟ್ಟಿಗಳು ಓಡುತ್ತಿರುತ್ತವೆ. ಕಾರ್ಡ್ ತಂದುಕೊಟ್ಟ ಹುಡುಗರು ಹೇಳುವುದು ಒಂದೇ ಮಾತು: "ಸರ್, ಒಂದು ಡಿಫ್ಲಿಕರ್ ಹಾಕಿಬಿಡಿ, ಹೋಗುತ್ತೆ."

ಹೋಗುತ್ತದೆ ನಿಜ, ಜೊತೆಗೆ ಬೇರೆಯದೂ ಹೋಗುತ್ತದೆ. ಡಿಫ್ಲಿಕರ್ ಪ್ಲಗಿನ್‌ಗಳು ಹೆಚ್ಚಾಗಿ ಮಾಡುವುದು ಅಕ್ಕಪಕ್ಕದ ಫ್ರೇಮ್‌ಗಳನ್ನು ನೋಡಿ ಬೆಳಕನ್ನು ಸರಾಸರಿಗೆ ತರುವ ಕೆಲಸ. ಇಡೀ ಫ್ರೇಮ್‌ಗೆ ಹಾಕಿದರೆ ಪಟ್ಟಿಯ ಜೊತೆ ಮುಖದ ವಿವರವೂ ಸವೆಯುತ್ತದೆ, ಕೈ ಬೀಸಿದ ಕಡೆ ನೆರಳು ಉಳಿಯುತ್ತದೆ. ತೊಂದರೆ ಇರುವುದು ಸ್ಕ್ರೀನಿನ ಒಳಗೆ ಮಾತ್ರ, ಹಾಗಾಗಿ ಚಿಕಿತ್ಸೆಯೂ ಅಲ್ಲಿಗಷ್ಟೇ ಸಾಕು.

ಪಟ್ಟಿ ಹುಟ್ಟುವ ಬಗೆ ಸರಳ. ಸ್ಕ್ರೀನ್ ಸತತವಾಗಿ ಬೆಳಗುತ್ತಿರುವುದಿಲ್ಲ, ಸೆಕೆಂಡಿಗೆ ಹಲವು ಬಾರಿ ಆರಿ ಹೊತ್ತುತ್ತಿರುತ್ತದೆ. ಕ್ಯಾಮೆರಾದ ಸೆನ್ಸರ್ ಕೂಡ ಇಡೀ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯುತ್ತಾ ಹೋಗುತ್ತದೆ. ಸ್ಕ್ರೀನ್ ಆರಿದ್ದ ಕ್ಷಣ ಯಾವ ಸಾಲುಗಳ ಎಕ್ಸ್‌ಪೋಶರ್ ಒಳಗೆ ಬಿತ್ತೋ ಆ ಸಾಲುಗಳು ಮಂಕಾಗುತ್ತವೆ. ಮುಂದಿನ ಫ್ರೇಮ್ ಹೊತ್ತಿಗೆ ಎರಡರ ಲಯ ಸ್ವಲ್ಪ ಸರಿದಿರುವುದರಿಂದ ಪಟ್ಟಿಯೂ ಜಾಗ ಬದಲಿಸುತ್ತದೆ.

ಆ ಸರಿಯುವಿಕೆಗೆ ಲೆಕ್ಕವಿದೆ. ಎಲ್‌ಇಡಿ ವಾಲ್‌ಗೆ ಚಿತ್ರ ಕೊಡುವ ಲ್ಯಾಪ್‌ಟಾಪ್ ಸಾಮಾನ್ಯವಾಗಿ 60 ಹರ್ಟ್ಸ್‌ನಲ್ಲಿರುತ್ತದೆ, ನಮ್ಮ ಕ್ಯಾಮೆರಾ 25 ಫ್ರೇಮ್‌ನಲ್ಲಿ. ಕ್ಯಾಮೆರಾದ ಒಂದು ಫ್ರೇಮಿಗೆ ಸ್ಕ್ರೀನಿನ 2.4 ಸುತ್ತು. ಐದು ಫ್ರೇಮ್ ಕಳೆದಾಗ ಸರಿಯಾಗಿ 12 ಸುತ್ತು ಮುಗಿದು ಪಟ್ಟಿ ಮೊದಲಿದ್ದ ಜಾಗಕ್ಕೇ ಮರಳುತ್ತದೆ. 24 ಫ್ರೇಮ್‌ನಲ್ಲಿ ತೆಗೆದಿದ್ದರೆ 2.5 ಸುತ್ತು, ಎರಡೇ ಫ್ರೇಮಿಗೆ ಮರಳುತ್ತದೆ. ಮೊಬೈಲ್‌ನಲ್ಲಿ 30 ಫ್ರೇಮ್ ಇಟ್ಟು ತೆಗೆದ ಕ್ಲಿಪ್ಪಿನಲ್ಲಿ ಪಟ್ಟಿ ಮೂರು ಫ್ರೇಮಿಗೊಮ್ಮೆ ಮರಳಿದರೆ, ಮತ್ತು ಅದು ಗೋಡೆಯ ಮೇಲೂ ಕಂಡರೆ, ತಪ್ಪು ಸ್ಕ್ರೀನಿನದಲ್ಲ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಬಾರಿ ಮಿಣುಕುವ ಹಾಲ್ ಲೈಟಿನದು. ಆದ್ದರಿಂದ ನಾನು ಮೊದಲು ಆ್ಯರೋ ಕೀ ಒತ್ತುತ್ತಾ ಫ್ರೇಮ್ ಎಣಿಸುತ್ತೇನೆ. ಎಣಿಕೆ ಮೂಲ ಕ್ಲಿಪ್ಪಿನಲ್ಲೇ ಆಗಬೇಕು. ಸ್ಲೋ ಮೋಷನ್ ಮಾಡಿದ, ಅಥವಾ ಬೇರೆ ಫ್ರೇಮ್ ರೇಟಿನ ಟೈಮ್‌ಲೈನಿಗೆ ಹಾಕಿದ ಮೇಲೆ ಎಣಿಸಿದರೆ ಲೆಕ್ಕ ಕೆಟ್ಟಿರುತ್ತದೆ.

ಇತ್ತೀಚೆಗೆ ಬಂದ ಒಂದು ಕ್ಲಿಪ್ಪನ್ನೇ ತೆಗೆದುಕೊಳ್ಳಿ. ಟ್ರೈಪಾಡ್ ಮೇಲೆ 25 ಫ್ರೇಮ್, ಶಟರ್ 1/100. ಹಿಂದೆ ವಾಲ್ ಮೇಲೆ ಪ್ರೀ-ವೆಡ್ಡಿಂಗ್ ಫೋಟೊಗಳ ಸ್ಲೈಡ್‌ಶೋ, ಮುಂದೆ ಉಡುಗೊರೆ ಕೊಡುವವರ ಸಾಲು. ಎಣಿಸಿದೆ, ಐದಕ್ಕೆ ಮರಳಿತು. ಹಾಗಾದರೆ ಐದು ಫ್ರೇಮ್‌ಗಳ ಸರಾಸರಿ ತೆಗೆದರೆ ಪಟ್ಟಿಯ ಐದೂ ಜಾಗಗಳು ಒಂದರ ಮೇಲೊಂದು ಕೂತು ಸಮನಾಗಬೇಕು. ನಾಲ್ಕು ಅಥವಾ ಆರು ಹಾಕಿದರೆ ಪೂರ್ತಿ ಹೋಗದೆ ತೆಳು ಮಿಣುಕು ಉಳಿಯುತ್ತದೆ. ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ, ಎಫ್‌ಎಫ್‌ಎಂಪೆಗ್ ಸಾಕು:

```
ffmpeg -i clip.mov -vf "tmix=frames=5" -c:v prores_ks -profile:v 3 clip_avg5.mov
```

ಅದರಲ್ಲಿ `deflicker` ಎಂಬ ಫಿಲ್ಟರೂ ಇದೆ. ಅದು ಇಡೀ ಫ್ರೇಮಿನ ಬೆಳಕನ್ನು ಒಟ್ಟಾಗಿ ಏರಿಸಿ ಇಳಿಸುತ್ತದಷ್ಟೆ, ಓಡುವ ಪಟ್ಟಿಗೆ ಉಪಯೋಗವಿಲ್ಲ.

ಹೊಸ ಫೈಲನ್ನು ಮೂಲ ಕ್ಲಿಪ್ಪಿನ ಮೇಲಿನ ಟ್ರ್ಯಾಕಿನಲ್ಲಿಟ್ಟು, ಸ್ಕ್ರೀನ್ ಮಾತ್ರ ಕಾಣುವಂತೆ ಮಾಸ್ಕ್ ಎಳೆಯಿರಿ. ಎರಡು ಲೇಯರ್ ನಡುವೆ ಒಂದೆರಡು ಫ್ರೇಮ್ ಹಿಂದುಮುಂದಾಗಿರಬಹುದು, ಸ್ಲೈಡ್ ಬದಲಾಗುವ ಜಾಗ ನೋಡಿ ಕೂಡಿಸಿ. ಜನರ ಆಕಾರಕ್ಕೆ ಇನ್ನೊಂದು ಮಾಸ್ಕ್ ಎಳೆದು ಅವರನ್ನು ಮೇಲಿನ ಲೇಯರಿನಿಂದ ಕಳೆಯಬೇಕು. ಅಂಚು ಮೃದುವಾಗಿದ್ದರೆ ಸಾಕು. ಕೂದಲು, ಮಲ್ಲಿಗೆ ದಂಡೆಯ ಸುತ್ತ ಕೂದಲೆಳೆಯಷ್ಟು ಪಟ್ಟಿ ಉಳಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಲ್ಲಿ ಕಾಟ ಕೊಟ್ಟಿದ್ದು ಸ್ಟಿಲ್ ಫೋಟೊಗ್ರಾಫರ್‌ನ ಫ್ಲಾಶ್. ಸರಾಸರಿ ತೆಗೆದಾಗ ಒಂದು ಫ್ರೇಮಿನ ಫ್ಲಾಶ್ ಐದು ಫ್ರೇಮಿಗೆ ಹರಡಿ, ಸ್ಕ್ರೀನ್ ಮಸಕಾಗಿ ಉಬ್ಬಿ ಇಳಿದಂತೆ ಕಾಣುತ್ತದೆ. ಇದಕ್ಕೆ ಮದ್ದೂ ಅದೇ ಎಣಿಕೆಯಲ್ಲಿದೆ. ಸರಾಸರಿಗೆ ಮೊದಲೇ ಒಂದು ಪ್ರತಿ ಮಾಡಿಕೊಂಡು, ಫ್ಲಾಶ್ ಬಿದ್ದ ಫ್ರೇಮ್ ತೆಗೆದು ಅದರ ಜಾಗಕ್ಕೆ ಐದು ಫ್ರೇಮ್ ಹಿಂದಿನದನ್ನು ಇಡಿ. ಅದರಲ್ಲಿ ಪಟ್ಟಿ ಅದೇ ಜಾಗದಲ್ಲಿರುತ್ತದೆ, ಸರಪಳಿ ಮುರಿಯುವುದಿಲ್ಲ. ಮುಂದಿನ ಜನರು ಮೂಲ ಕ್ಲಿಪ್ಪಿನಿಂದ ಬರುವುದರಿಂದ ಅವರ ಮೇಲಿನ ಫ್ಲಾಶ್ ಹಾಗೆಯೇ ಉಳಿಯುತ್ತದೆ.

ಕ್ಯಾಮೆರಾ ಅಲುಗಾಡಿದ್ದರೆ ನೇರ ಸರಾಸರಿ ಕೆಲಸ ಮಾಡದು. ಸ್ಕ್ರೀನನ್ನು ಪ್ಲೇನರ್ ಟ್ರ್ಯಾಕ್ ಮಾಡಿ, ಅದು ನಿಂತಂತೆ ಸ್ಟೆಬಿಲೈಜ್ ಮಾಡಿ, ಸರಾಸರಿ ತೆಗೆದು, ಮತ್ತೆ ಮೂಲ ಚಲನೆ ಸೇರಿಸಬೇಕು. ಆಗಲೂ ಪಟ್ಟಿ ಸೆನ್ಸರಿನ ಸಾಲಿಗೆ ಅಂಟಿದ್ದು, ಸ್ಕ್ರೀನಿಗಲ್ಲ. ಜೋರಾಗಿ ಪ್ಯಾನ್ ಮಾಡಿದ ಶಾಟಿನಲ್ಲಿ ಅಲ್ಪಸ್ವಲ್ಪ ಉಳಿದೇ ಉಳಿಯುತ್ತದೆ. ಇನ್ನು ವಾಲ್ ಮೇಲೆ ಸ್ಲೈಡ್ ಬದಲು ಡ್ಯಾನ್ಸ್ ವಿಡಿಯೊ ಓಡುತ್ತಿದ್ದರೆ ಐದು ಫ್ರೇಮ್ ಅಂದರೆ ಸೆಕೆಂಡಿನ ಐದನೇ ಒಂದು ಭಾಗ, ಕಲಸಿಹೋಗುತ್ತದೆ. ಅಂಥಲ್ಲಿ ನಾನು ಒದ್ದಾಡುವುದಿಲ್ಲ. ಎಲ್‌ಇಡಿಯವರ ಹತ್ತಿರ ಮೂಲ ಫೈಲ್ ಕೇಳಿ ತರಿಸಿ, ನಾಲ್ಕು ಮೂಲೆಗೆ ಪಿನ್ ಮಾಡಿ ಕೂರಿಸುತ್ತೇನೆ.

ವೇಗವಾಗಿ ಓಡುವ ಪಟ್ಟಿಯೇ ಕಷ್ಟ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ, ನಿಜವಾಗಿ ಕಷ್ಟ ನಿಧಾನದ್ದು. ಕ್ಯಾಮೆರಾ 29.97, ಸ್ಕ್ರೀನ್ ಸರಿಯಾಗಿ 60 ಇದ್ದರೆ ವ್ಯತ್ಯಾಸ ಸೆಕೆಂಡಿಗೆ 0.06 ಸುತ್ತು ಮಾತ್ರ. ಪಟ್ಟಿ ಮೊದಲಿದ್ದ ಜಾಗಕ್ಕೆ ಬರಲು ಸುಮಾರು 17 ಸೆಕೆಂಡ್ ಬೇಕು. ಅಷ್ಟು ಫ್ರೇಮ್ ಸರಾಸರಿ ತೆಗೆಯಲು ಆಗುವುದಿಲ್ಲ. ಪಟ್ಟಿಯ ಅಗಲದ ಮೃದು ಅಂಚಿನ ಮಾಸ್ಕ್ ಎಳೆದು, ಒಳಗೆ ಗೇನ್ ಏರಿಸಿ, ಕೀಫ್ರೇಮ್ ಕೊಟ್ಟು ಅದರ ಜೊತೆಗೇ ನಡೆಸುವುದೊಂದೇ ದಾರಿ. ಪಟ್ಟಿಗೆ ಬಣ್ಣವೂ ಹತ್ತಿದ್ದರೆ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಗೇನ್. ಪಟ್ಟಿ ಪೂರ್ತಿ ಕಪ್ಪಾಗಿದ್ದರೆ ಗೇನ್ ಏರಿಸಲು ಒಳಗೆ ಏನೂ ಇರುವುದಿಲ್ಲ, ಮತ್ತೆ ಸ್ಕ್ರೀನ್ ಬದಲಿಸುವುದೇ ಗತಿ.

ಶೂಟಿಂಗ್‌ನಲ್ಲೇ ತಪ್ಪಿಸಲು ಶಟರ್ ತೆರೆದಿರುವ ಹೊತ್ತಿಗೆ ಸ್ಕ್ರೀನಿನ ಪೂರ್ಣ ಸುತ್ತು ಹಿಡಿಸಬೇಕು. 60 ಹರ್ಟ್ಸ್ ಸ್ಕ್ರೀನಿಗೆ 1/60, ಅಂದರೆ 25 ಫ್ರೇಮ್‌ನಲ್ಲಿ 150 ಡಿಗ್ರಿ. ಆದರೆ ಹಾಲ್ ಲೈಟಿಗೆ ಬೇಕಾದದ್ದು 1/50 ಅಥವಾ 1/100. ಎರಡಕ್ಕೂ ಹೊಂದುವ ಶಟರ್ 1/20, ಅದು 25 ಫ್ರೇಮ್‌ನಲ್ಲಿ ಸಿಗುವುದೇ ಇಲ್ಲ. ಹಾಗಾಗಿ ಕ್ಯಾಮೆರಾ ಮುಟ್ಟುವ ಮೊದಲು ಎಲ್‌ಇಡಿ ಆಪರೇಟರ್ ಹತ್ತಿರ ಹೋಗಿ, "ಅಣ್ಣಾ, ಔಟ್‌ಪುಟ್ 50ಕ್ಕೆ ಹಾಕೋಕಾಗುತ್ತಾ?" ಎಂದು ಕೇಳಿ. ಪ್ರೊಸೆಸರ್ ಒಪ್ಪಿದರೆ 1/50ರಲ್ಲಿ ಲೈಟೂ ಸ್ಕ್ರೀನೂ ಒಟ್ಟಿಗೆ ಶಾಂತವಾಗುತ್ತವೆ. ಒಪ್ಪದಿದ್ದರೆ 1/60 ಇಟ್ಟು ಲೈಟಿನ ಮಿಣುಕು ಸಹಿಸಿಕೊಳ್ಳಿ, ಗೋಡೆಯ ಮೇಲಿನ ತೆಳು ಅಲೆ ಸ್ಕ್ರೀನಿನ ಕಪ್ಪು ಪಟ್ಟಿಯಷ್ಟು ಕಣ್ಣಿಗೆ ಹೊಡೆಯುವುದಿಲ್ಲ. ಸ್ಕ್ರೀನ್ ಉರಿಯುತ್ತಿದೆ ಎಂದು ಬ್ರೈಟ್‌ನೆಸ್ ತೀರಾ ಇಳಿಸಲು ಹೇಳಬೇಡಿ. ಹೆಚ್ಚಿನ ವಾಲ್‌ಗಳು ಬೆಳಕು ತಗ್ಗಿಸುವುದು ಆರಿರುವ ಹೊತ್ತನ್ನು ಹೆಚ್ಚಿಸಿಯೇ, ಪಟ್ಟಿ ಇನ್ನಷ್ಟು ಗಾಢವಾಗುತ್ತದೆ. ಐರಿಸ್ ಮುಚ್ಚಿ, ಇಲ್ಲವೇ ಎನ್‌ಡಿ ಫಿಲ್ಟರ್ ಹಾಕಿ.