ಯಾರೂ ತೆರೆಯದ ಪುಟ, ಎಲ್ಲರೂ ದಾಟಿ ಹೋಗುವ ಪುಟ

ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆ ಖರೀದಿ ಡಿಪೋ ಇಟ್ಟುಕೊಂಡಿರುವ ಒಂದು ಅಡಿಕೆ ಸಂಸ್ಥೆಯ ಪವರ್ ಬಿಐ ವರದಿ ನನ್ನ ಉಸ್ತುವಾರಿಯಲ್ಲಿದೆ. ಕೇಳಿದವರಿಗೆಲ್ಲ ಒಂದೊಂದು ಪುಟ ಸೇರಿಸುತ್ತ ಹೋಗಿ ಅದು ಹನ್ನೊಂದು ಪುಟವಾಗಿತ್ತು. "ಅರ್ಧ ತೆಗೆದುಬಿಡಿ ಮಾರಾಯ್ರೆ, ಹುಡುಕಿ ಸಾಕಾಯಿತು" ಎಂದರು ಡಿಪೋದವರು. ಯಾವ ಅರ್ಧ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಪಟ್ಟಿ. ಆಗ ಬಳಕೆಯ ಲೆಕ್ಕವನ್ನೇ ನೋಡಬೇಕಾಗುತ್ತದೆ.

ವರದಿಯ ಹೆಸರಿನ ಪಕ್ಕದ ಮೂರು ಚುಕ್ಕೆ ಒತ್ತಿ `View usage metrics report` ಆರಿಸಿದರೆ ಈ ಲೆಕ್ಕ ಸಿಗುತ್ತದೆ. ಅದರ ನಕಲನ್ನು ಉಳಿಸಿಕೊಂಡರೆ ಯಾವ ಪುಟವನ್ನು ಯಾರು ತೆರೆದರು ಎಂಬುದನ್ನು ಒಂದೇ ಕೋಷ್ಟಕದಲ್ಲಿ ಇಟ್ಟು ನೋಡಬಹುದು. ಬಳಕೆದಾರರ ಹೆಸರು ಕಾಣದಂತೆ ಸಂಸ್ಥೆಯ ಅಡ್ಮಿನ್ ತಡೆದಿದ್ದರೆ ಮಾತ್ರ ಅದು ಆಗದು.

ನಾನು ಮೊದಲು ಮಾಡುವ ಕೆಲಸ, ವರದಿ ತಯಾರಿಸುವವರ ಹೆಸರುಗಳನ್ನು ಲೆಕ್ಕದಿಂದ ಹೊರಗಿಡುವುದು. 'ಆಡಳಿತ ಮಂಡಳಿ ಸಾರಾಂಶ' ಪುಟಕ್ಕೆ ತಿಂಗಳಲ್ಲಿ 58 ವೀಕ್ಷಣೆ ಕಾಣುತ್ತಿತ್ತು. ನೋಡಿದವರು ಇಬ್ಬರೇ, ಒಬ್ಬ ನಾನು, ಇನ್ನೊಬ್ಬರು ನನ್ನ ಸಹೋದ್ಯೋಗಿ. ಮಂಡಳಿಯವರು ಒಬ್ಬರೂ ಅದನ್ನು ತೆರೆದಿರಲಿಲ್ಲ. ಅವರಿಗೆ ಸಭೆಯ ದಿನ ಪಿಡಿಎಫ್ ಕೈಗೆ ಸಿಗುತ್ತದೆ, ಆ ಓದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಆದ್ದರಿಂದ ಆ ಪುಟ ಉಳಿಯಿತು, ಡಿಪೋದವರ ವರದಿಯಲ್ಲಲ್ಲ, ಬೇರೆ ವರದಿಯಲ್ಲಿ.

ಮುಖಪುಟದ್ದು ಬೇರೆಯೇ ಕತೆ. ಅದಕ್ಕೆ 412 ವೀಕ್ಷಣೆ, ಎಲ್ಲಕ್ಕಿಂತ ಹೆಚ್ಚು. ಡಿಪೋಗಳ ವಾಟ್ಸಾಪ್ ಗುಂಪಿನಲ್ಲಿ ಹಂಚಿದ್ದ ಕೊಂಡಿ ಅದೇ ಪುಟಕ್ಕೆ ಹೋಗುತ್ತದೆ, ಲೆಕ್ಕ ಏರದೆ ಏನಾದೀತು? ಎರಡನೆಯದು 'ಇಂದಿನ ದರ', 371. ಎರಡನ್ನೂ ಒಟ್ಟಿಗೆ ಓದಿದಾಗ ವಿಷಯ ಹೊರಬಂತು. ಮುಖಪುಟಕ್ಕೆ ಬಂದವರು ಹೆಚ್ಚುಕಡಿಮೆ ಎಲ್ಲರೂ ಅಲ್ಲಿ ನಿಲ್ಲದೆ ದರಕ್ಕೆ ಹೋಗುತ್ತಿದ್ದರು. ಒಳ್ಳೆಯ ಬಣ್ಣದ ಆ ಸ್ವಾಗತ ಪುಟ ಅವರಿಗೆ ಬರೀ ಹೊಸ್ತಿಲಾಗಿತ್ತು.

ಇನ್ನು ಸೊನ್ನೆಯ ಪುಟಗಳು. ಹೊಸ ಬಳಕೆ ವರದಿ ಹಿಂದಿನ 30 ದಿನವನ್ನಷ್ಟೇ ತೋರಿಸುತ್ತದೆ, ನಮ್ಮ ಊರಿನ ಕೆಲಸಗಳು ಮಾತ್ರ ಮಳೆಯನ್ನು ನೋಡಿಕೊಂಡು ನಡೆಯುತ್ತವೆ. ನಾನು ನೋಡಿದ್ದು ಜನವರಿಯಲ್ಲಿ. ಆಗ ಅಡಿಕೆ ಖರೀದಿಯ ಭರಾಟೆ, ಮೈಲುತುತ್ತು ದಾಸ್ತಾನಿನ ಪುಟವನ್ನು ಯಾರು ತೆರೆಯುತ್ತಾರೆ? ಮಹಾಳಿ ರೋಗಕ್ಕೆ ಮದ್ದು ಬಿಡುವ ಕಾಲ, ಅಂದರೆ ಮೇ, ಜೂನ್ ಬಂದಾಗ ಅದೇ ಪುಟಕ್ಕೆ ಗಿರಾಕಿ. ಹಾಗಾಗಿ ತಿಂಗಳಿಗೊಮ್ಮೆ ಲೆಕ್ಕವನ್ನು ಎಕ್ಸೆಲ್‌ಗೆ ಇಳಿಸಿ ಒಂದೇ ಕಡೆ ಪೇರಿಸುತ್ತ ಬರಬೇಕು. ವರ್ಷ ತುಂಬುವ ಮೊದಲು ಹಂಗಾಮಿನ ಪುಟಗಳ ಮೇಲೆ ತೀರ್ಪು ಕೊಡುವಂತಿಲ್ಲ. ಆಡಿಟ್ ಪುಟಕ್ಕೂ ಇದೇ ಮಾತು. ಮುಳ್ಳೇರಿಯದ ಗುಮಾಸ್ತೆ ಅಕ್ಕ ಹೇಳಿದ್ದು ಸರಿ: "ನಾನು ಅದನ್ನು ನೋಡುವುದಿಲ್ಲ ಸರ್, ಆದರೆ ಏಪ್ರಿಲ್‌ನಲ್ಲಿ ಇಲ್ಲದಿದ್ದರೆ ನಿಮಗೇ ಫೋನ್ ಬರ್ತದೆ."

ಸೊನ್ನೆಯನ್ನೂ ಪೂರ್ತಿ ನಂಬಬೇಡಿ. ವರದಿ ತೆರೆದದ್ದು ಸರ್ವರ್‌ನಲ್ಲೇ ದಾಖಲಾಗುತ್ತದೆ, ಪುಟ ನೋಡಿದ ಸುದ್ದಿ ಬಳಕೆದಾರರ ಬ್ರೌಸರ್‌ನಿಂದ ಬರಬೇಕು. ಜಾಹೀರಾತು ತಡೆಯುವ ತಂತ್ರಾಂಶ ಇದ್ದರೆ, ನೆಟ್‌ವರ್ಕ್ ಕೈಕೊಟ್ಟರೆ ಅದು ತಲುಪದೆ ಹೋಗಬಹುದು. ಒಬ್ಬರ ಹೆಸರಿನಲ್ಲಿ ವರದಿ ತೆರೆದ ಲೆಕ್ಕ ಹತ್ತಾರು ಇದ್ದು ಪುಟಗಳ ಲೆಕ್ಕ ಏನೂ ಇಲ್ಲದಿದ್ದರೆ ಅನುಮಾನ ಪಡಬೇಕಾದ್ದು ಇಲ್ಲಿ.

ಇಷ್ಟೆಲ್ಲ ಸೋಸಿದ ಮೇಲೂ ಖಾಲಿ ಉಳಿದ ನಾಲ್ಕು ಪುಟಗಳನ್ನು ನಾನು ಅಳಿಸಲಿಲ್ಲ, `Hide Page` ಕೊಟ್ಟು ಮರೆಮಾಡಿದೆ. ಮರೆಮಾಡಿದ ಪುಟ ಪಟ್ಟಿಯಲ್ಲಿ ಕಾಣದಿದ್ದರೂ ನೇರ ಕೊಂಡಿ ಇದ್ದವರಿಗೆ ತೆರೆಯುತ್ತದೆ. ಇದು ಗುಟ್ಟು ಕಾಯುವ ಬಾಗಿಲಲ್ಲ, ಆದರೆ ಪರೀಕ್ಷೆಗೆ ಬಹಳ ಒಳ್ಳೆಯದು. ಮುಂದಿನ ತಿಂಗಳು ಅವುಗಳಲ್ಲಿ ಒಂದಕ್ಕೆ ವೀಕ್ಷಣೆ ಬಂತು. ಪೆರ್ಲದ ಒಬ್ಬರು ಸಾಗಾಟದ ಲಾರಿ ಬಾಡಿಗೆಯ ಪುಟದ ಕೊಂಡಿಯನ್ನು ಬ್ರೌಸರ್‌ನಲ್ಲಿ ಉಳಿಸಿಟ್ಟುಕೊಂಡಿದ್ದರು. ಅವರಿಗೆ ಬೇಕಾದ ಎರಡು ಸಾಲನ್ನು ಖರೀದಿ ಪುಟಕ್ಕೆ ಸೇರಿಸಿದೆ. ಉಳಿದ ಮೂರನ್ನು, ಹಳೆಯ ಪಿಬಿಐಎಕ್ಸ್ ಕಡತದ ಪ್ರತಿ ಎತ್ತಿಟ್ಟು, ಅಳಿಸಿದೆ.

ದರದ ಪುಟವನ್ನು ಬೆಳಗ್ಗೆ ಹೆಚ್ಚಿನವರು ಮೊಬೈಲ್‌ನಲ್ಲಿ ತೆರೆಯುತ್ತಿದ್ದರು. ಅದಕ್ಕೆ ಮೊಬೈಲ್ ವಿನ್ಯಾಸವೇ ಇರಲಿಲ್ಲ, ವರ್ಷದ ಏರಿಳಿತದ ದೊಡ್ಡ ನಕ್ಷೆ ಮೇಲೆ, ದರ ಕೆಳಗೆ. ಈಗ ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಗೋಟು ಎಂದು ದರದ ಕೋಷ್ಟಕ ಮೊದಲು ಬರುತ್ತದೆ, ನಕ್ಷೆ ಅದರಡಿ. ಅದೇ ಕೋಷ್ಟಕವನ್ನು ಮುಖಪುಟಕ್ಕೂ ತಂದೆ. ಮರುತಿಂಗಳು ದರದ ಪುಟದ ವೀಕ್ಷಣೆ ಅರ್ಧಕ್ಕಿಂತ ಕೆಳಗೆ ಬಂತು, ವರದಿ ತೆರೆದವರ ಸಂಖ್ಯೆ ಮಾತ್ರ ಹಾಗೆಯೇ ಇತ್ತು. ಮ್ಯಾನೇಜರ್ ಗಾಬರಿಯಾಗಿ ಫೋನ್ ಮಾಡಿದರು. ದರ ಮುಖಪುಟದಲ್ಲೇ ಕಾಣುವಾಗ ಇನ್ನೊಂದು ಪುಟ ಯಾಕೆ ಒತ್ತುತ್ತಾರೆ ಎಂದು ಕೇಳಿದೆ.