ರೋಬೋಟ್‌ಗೆ ಗುರಿ ಹೇಳಬೇಡಿ: ಕಾರ್ಡ್ ಮತ್ತು ನಡಿಗೆಯಲ್ಲಿ ಅಲ್ಗಾರಿದಮ್

ಅಲ್ಗಾರಿದಮ್ ಅಂದರೆ ಒಂದು ಕೆಲಸಕ್ಕೆ ಹಂತ ಹಂತವಾಗಿ ಕೊಡುವ ಸೂಚನೆ. ಅದನ್ನು ಕಂಪ್ಯೂಟರ್ ಇಲ್ಲದೆ ಕಲಿಸುವ ಪಾಠಗಳಲ್ಲಿ ಜಾಸ್ತಿ ಬಳಕೆಯಲ್ಲಿರುವ ಒಂದು ಆಟ ಇದು. ನೆಲದ ಮೇಲೆ ಚೌಕಗಳನ್ನು ಬರೆಯುತ್ತೇವೆ. ಒಬ್ಬರು ರೋಬೋಟ್ ಆಗುತ್ತಾರೆ. ಉಳಿದವರು ಕಾರ್ಡ್ ಜೋಡಿಸಿ ಆ ರೋಬೋಟನ್ನು ಗುರಿ ಮುಟ್ಟಿಸಬೇಕು. ನೋಡಲು ಸುಲಭ. ಆದರೆ ನಮ್ಮ ಗುಂಪು ಮೊದಲ ಸಲ ಆಡಿದಾಗ ಕಾರ್ಡ್ ತಪ್ಪಿದ್ದರೂ ರೋಬೋಟ್ ಸರಿಯಾದ ಜಾಗಕ್ಕೇ ಹೋಗಿ ನಿಂತಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಪಾಠದ ಜೀವ ಇರುವುದೇ ಅಲ್ಲಿ.

ಮೊದಲು ಆಟದ ಅಂಗಳ. 5 ಕಾಲಂ, 5 ಸಾಲು, ಒಟ್ಟು 25 ಮನೆ. ಒಂದೊಂದು ಮನೆ ಒಬ್ಬರು ಆರಾಮಾಗಿ ನಿಂತು ತಿರುಗುವಷ್ಟು ದೊಡ್ಡದಿರಲಿ. ಕಾಲಂಗಳಿಗೆ ಅ, ಆ, ಇ, ಈ, ಉ ಅಂತ ಹೆಸರಿಡೋಣ. ಅ ಬಾಗಿಲ ಕಡೆ, ಉ ಕಿಟಕಿ ಕಡೆ. ಸಾಲುಗಳಿಗೆ 1ರಿಂದ 5. 1ನೇ ಸಾಲು ಹಿಂದಿನ ಗೋಡೆ ಹತ್ತಿರ, 5ನೇದು ಬೋರ್ಡ್ ಹತ್ತಿರ. ರೋಬೋಟ್ ಅ1ರಲ್ಲಿ ಬೋರ್ಡ್ ಕಡೆ ಮುಖ ಮಾಡಿ ನಿಂತಿದೆ. ಮುಟ್ಟಬೇಕಾದ ಮನೆ ಈ3. ಆ1 ಮತ್ತು ಇ3ರಲ್ಲಿ ಒಂದೊಂದು ಕುರ್ಚಿ ಇದೆ, ಅಲ್ಲಿ ಕಾಲಿಡುವಂತಿಲ್ಲ.

ಕಾರ್ಡ್ ಮೂರೇ ಬಗೆ: 'ಮುಂದೆ', 'ಎಡ', 'ಬಲ'. 'ಮುಂದೆ' ಅಂದರೆ ಮುಖ ಇರುವ ಕಡೆಗೆ ಒಂದು ಮನೆ ನಡೆ. 'ಎಡ', 'ಬಲ' ಅಂದರೆ ನಿಂತಲ್ಲೇ ಆ ಕಡೆಗೆ ಕಾಲು ಸುತ್ತು ತಿರುಗು, ಅಷ್ಟೇ. ತಿರುಗಿದಾಗ ಮನೆ ಬದಲಾಗುವುದಿಲ್ಲ.

ಸರಿಯಾದ ಜೋಡಣೆ ಹೀಗಿದೆ:

```
ಮುಂದೆ, ಬಲ, ಮುಂದೆ, ಮುಂದೆ, ಮುಂದೆ, ಎಡ, ಮುಂದೆ
```

ಬೆರಳಿಟ್ಟು ನೋಡಿ. ಮೊದಲ ಕಾರ್ಡಿಗೆ ಅ2. ಎರಡನೆಯದಕ್ಕೆ ಮುಖ ಕಿಟಕಿ ಕಡೆ, ಮನೆ ಅದೇ ಅ2. ಮುಂದಿನ ಮೂರು ಕಾರ್ಡಿಗೆ ಆ2, ಇ2, ಈ2. ಆರನೆಯದಕ್ಕೆ ಮುಖ ಮತ್ತೆ ಬೋರ್ಡ್ ಕಡೆ. ಏಳನೆಯದಕ್ಕೆ ಈ3. ಮುಗಿಯಿತು.

ಈಗ ಮೊದಲೆರಡು ಕಾರ್ಡನ್ನು ಅದಲುಬದಲು ಮಾಡಿ: 'ಬಲ, ಮುಂದೆ'. ರೋಬೋಟ್ ಅ1ರಲ್ಲೇ ಕಿಟಕಿ ಕಡೆ ತಿರುಗಿ, ಒಂದು ಹೆಜ್ಜೆ ಇಟ್ಟು, ಆ1ರ ಕುರ್ಚಿಗೆ ಡಿಕ್ಕಿ ಹೊಡೆಯುತ್ತದೆ. ಕಾರ್ಡ್‌ಗಳು ಅವೇ ಏಳು, ಬದಲಾಗಿದ್ದು ಕ್ರಮ ಮಾತ್ರ. 'ಮುಂದೆ' ಕಾರ್ಡಿಗೆ ತನ್ನದೇ ದಿಕ್ಕಿಲ್ಲ. ಆ ಹೊತ್ತಿಗೆ ರೋಬೋಟ್ ಯಾವ ಮನೆಯಲ್ಲಿದೆ, ಎತ್ತ ನೋಡುತ್ತಿದೆ ಅನ್ನುವುದರ ಮೇಲೆ ಅದರ ಅರ್ಥ ನಿಂತಿದೆ. ಮನೆ ಮತ್ತು ಮುಖ, ಈ ಎರಡನ್ನೂ ಸೇರಿಸಿ ರೋಬೋಟ್‌ನ 'ಸ್ಥಿತಿ' ಅನ್ನುತ್ತೇವೆ. ಒಂದೊಂದು ಕಾರ್ಡೂ ಸ್ಥಿತಿಯನ್ನು ಬದಲಿಸುತ್ತದೆ, ಮುಂದಿನ ಕಾರ್ಡ್ ಆ ಬದಲಾದ ಸ್ಥಿತಿಯಿಂದ ಶುರುವಾಗುತ್ತದೆ. ಕ್ರಮ ಮುಖ್ಯ ಅಂತ ಬಾಯಲ್ಲಿ ಹೇಳುವುದಕ್ಕಿಂತ ಒಂದು ಸಲ ಕುರ್ಚಿಗೆ ಮೊಣಕಾಲು ತಾಗಿದರೆ ಬೇಗ ಅರ್ಥವಾಗುತ್ತದೆ.

ಇನ್ನು ನಮ್ಮ ಮೊದಲ ಆಟದ ಕಥೆ. ನಮ್ಮವರು ಜೋಡಿಸಿದ್ದು ಇದು:

```
ಮುಂದೆ, ಬಲ, ಬಲ, ಬಲ, ಮುಂದೆ
```

ಅವರ ತಲೆಯಲ್ಲಿ 'ಬಲ' ಅಂದರೆ 'ಬಲಕ್ಕೆ ಒಂದು ಮನೆ ಸರಿ'. ಕಾಗದದ ಮೇಲೆ ಬಾಣ ನೋಡಿ ಆಡಿದವರಿಗೆ ಹಾಗೇ ಅನ್ನಿಸುತ್ತದೆ, ಅಲ್ವಾ? ರೋಬೋಟ್ ಆಗಿದ್ದ ಗೆಳತಿಗೆ ಈ3ಕ್ಕೆ ಹೋಗಬೇಕು ಅಂತ ಗೊತ್ತಿತ್ತು. ಅವಳು ಪಾಪ, ಅಡ್ಡ ಹೆಜ್ಜೆ ಹಾಕಿಕೊಂಡು ಹೋಗಿ ಸರಿಯಾಗಿ ಈ3ರಲ್ಲಿ ನಿಂತಳು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಯಾರೂ ಏನೂ ಕಲಿಯಲಿಲ್ಲ.

ಎರಡನೇ ಸುತ್ತಿಗೆ ರೋಬೋಟ್ ಬದಲಾಯಿಸಿದೆವು. ಹೊಸಬನಿಗೆ ಗುರಿ ಯಾವುದು ಅಂತ ಹೇಳಲೇ ಇಲ್ಲ. ನೆಲದ ಮೇಲೂ ಗುರುತು ಹಾಕಲಿಲ್ಲ, ಕಾರ್ಡ್ ಜೋಡಿಸುವವರ ಚೀಟಿಯಲ್ಲಿ ಮಾತ್ರ ಬರೆದೆವು. ಇನ್ನೊಬ್ಬಳು ಕಾರ್ಡ್‌ಗಳನ್ನು ಒಂದೊಂದಾಗಿ ಓದಿದಳು. 'ಮುಂದೆ': ಅ2ಕ್ಕೆ ಬಂದ. 'ಬಲ': ಕಿಟಕಿ ನೋಡಿದ. 'ಬಲ': ಹಿಂದಿನ ಗೋಡೆ ನೋಡಿದ. 'ಬಲ': ಬಾಗಿಲು ನೋಡಿದ. 'ಮುಂದೆ': ಸೀದಾ ಗೆರೆ ದಾಟಿ ಅಂಗಳದಿಂದ ಹೊರಗೆ! ಜೋಡಿಸಿದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ತಪ್ಪು ಎಲ್ಲಿದೆ ಅಂತ ಯಾರೂ ವಿವರಿಸಬೇಕಾಗಲಿಲ್ಲ.

ಈ ಪಾಠ ಹಾಳಾಗುವುದು ಜಾಸ್ತಿ ಹೀಗೇ. ರೋಬೋಟ್ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿಬಿಡುತ್ತದೆ. ಕಾರ್ಡಿನಲ್ಲಿ ಇಲ್ಲದ ಅರ್ಥವನ್ನು ತಾನೇ ತುಂಬಿಕೊಳ್ಳುತ್ತದೆ. ಕಣ್ಣಿಗೆ ಬಟ್ಟೆ ಕಟ್ಟುವ ಅಗತ್ಯವಿಲ್ಲ, ಎಡವಿ ಬೀಳುತ್ತಾರೆ. ಗುರಿ ಮುಚ್ಚಿಟ್ಟರೆ ಸಾಕು. ಜೋಡಿಸುವವರು ದಾರಿ ಹೇಳಿಕೊಡಲು ಬಾಯಿ ಬಿಡಬಾರದು, ಕೈ ಸನ್ನೆಯನ್ನೂ ಮಾಡಬಾರದು. ಇದನ್ನು ಪಾಲಿಸುವುದೇ ಕಷ್ಟ.

ತಪ್ಪಿದಾಗ ಎಲ್ಲ ಕಾರ್ಡ್ ಕಿತ್ತು ಮೊದಲಿಂದ ಜೋಡಿಸುವುದು ಎಲ್ಲರ ಚಾಳಿ. ಹಾಗೆ ಮಾಡಬೇಡಿ. ಓದುವವರು ಒಂದು ಗುಂಡಿಯನ್ನೋ ನಾಣ್ಯವನ್ನೋ ಈಗ ನಡೆಯುತ್ತಿರುವ ಕಾರ್ಡಿನ ಮೇಲೆ ಇಟ್ಟುಕೊಳ್ಳಲಿ. ರೋಬೋಟ್ ನಾವು ಅಂದುಕೊಂಡ ಸ್ಥಿತಿಯಿಂದ ಮೊದಲ ಸಲ ಬೇರೆಯಾದ ಕ್ಷಣದಲ್ಲಿ 'ನಿಲ್ಲು' ಅನ್ನಿ. ನಾಣ್ಯ ಇರುವ ಕಾರ್ಡನ್ನು ಮೊದಲು ಅನುಮಾನಿಸಿ. ಒಂದೇ ಕಡೆ ತಿದ್ದಿ, ಮತ್ತೆ ಅ1ರಿಂದ ನಡೆಸಿ. ನಡುವಿನಿಂದ ಶುರು ಮಾಡಿದರೆ ಮುಖ ಎತ್ತ ಇತ್ತು ಅನ್ನುವುದು ಮರೆತು ಹೋಗಿ ಹೊಸ ಗೊಂದಲ ಹುಟ್ಟುತ್ತದೆ.

ಎಲ್ಲಿ ಹೋಗಿ ನಿಂತಿತು ಅನ್ನುವುದೇ ಎಷ್ಟೋ ಸಲ ತಪ್ಪಿನ ಸುಳಿವು ಕೊಡುತ್ತದೆ. ಈ3ರ ಬದಲು ಉ3ರಲ್ಲಿ ನಿಂತರೆ ದಾರಿಯ ಆಕಾರ ಸರಿ, ಎಣಿಕೆ ತಪ್ಪು. ನಿಂತಿರುವ ಅ2ನ್ನೂ ಸೇರಿಸಿ 'ಅ, ಆ, ಇ, ಈ, ನಾಲ್ಕು' ಅಂತ ಎಣಿಸಿ ನಾಲ್ಕು 'ಮುಂದೆ' ಹಾಕಿರುತ್ತಾರೆ. ಎಣಿಸಬೇಕಾದ್ದು ಮನೆಗಳನ್ನಲ್ಲ, ಹೆಜ್ಜೆಗಳನ್ನು. ಈ1ರಲ್ಲಿ ನಿಂತರೆ ಕೊನೆಯ ತಿರುವಿನಲ್ಲಿ ಎಡದ ಬದಲು ಬಲ ಹಾಕಿದ್ದಾರೆ. ಬೋರ್ಡ್ ಹತ್ತಿರ, ರೋಬೋಟ್‌ಗೆ ಎದುರಾಗಿ ಕೂತವರಿಗೆ ಈ ತಪ್ಪು ಸುಲಭವಾಗಿ ಆಗುತ್ತದೆ, ಅವರ ಎಡ ರೋಬೋಟ್‌ನ ಬಲ ತಾನೆ. ಎದ್ದು ರೋಬೋಟ್ ಬೆನ್ನ ಹಿಂದೆ ನಿಂತು, ಅದರ ಜೊತೆ ತಾವೂ ತಿರುಗಿದರೆ ಸರಿಹೋಗುತ್ತದೆ. 1967ರಲ್ಲಿ ಬಂದ, ಮಕ್ಕಳಿಗಾಗಿ ಮಾಡಿದ ಪ್ರೋಗ್ರಾಮಿಂಗ್ ಭಾಷೆ ಲೋಗೊದಲ್ಲಿ ಗೆರೆ ಎಳೆಯುವ ಆಮೆಯೂ ಹೀಗೇ ಮುಂದೆ, ಎಡ, ಬಲ ಅಂತ ತನ್ನ ಮುಖದ ಲೆಕ್ಕದಲ್ಲೇ ಚಲಿಸುತ್ತದೆ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಸೀಮೋರ್ ಪ್ಯಾಪರ್ಟ್ ಕೂಡ ಮಕ್ಕಳು ತಾವೇ ಆಮೆಯಾಗಿ ನಡೆದು ನೋಡಬೇಕು ಅನ್ನುತ್ತಿದ್ದರು.

ಇಷ್ಟು ಕೈಗೆ ಬಂದ ಮೇಲೆ 'ಮೂರು ಸಲ' ಅನ್ನುವ ಕಾರ್ಡ್ ಕೊಡಬಹುದು. ನಡುವಿನ ಮೂರು 'ಮುಂದೆ' ಜಾಗದಲ್ಲಿ 'ಮೂರು ಸಲ' ಮತ್ತು ಒಂದು 'ಮುಂದೆ' ಬರುತ್ತದೆ. ಏಳು ಕಾರ್ಡ್ ಆರಾಗುತ್ತದೆ. ಯಾವ ಕಾರ್ಡ್ ಮೂರು ಸಲ ಆಗಬೇಕು ಅಂತ ಗೊತ್ತಾಗಲು ಅವೆರಡನ್ನೂ ಒಂದು ಕ್ಲಿಪ್ಪಿನಲ್ಲಿ ಸೇರಿಸಿ. ಇಲ್ಲದಿದ್ದರೆ 'ಎಡ' ಕೂಡ ಮೂರು ಸಲ ಆಗಿಬಿಟ್ಟೀತು.

ಕೊನೆಗೆ ಸುಮ್ನೆ ಒಂದು ಕೆಲಸ ಮಾಡಿ. ಜೋಡಣೆ ಮುಟ್ಟದೆ, ಇ3ರ ಕುರ್ಚಿಯನ್ನು ಇ2ಕ್ಕೆ ಸರಿಸಿ. ಈವರೆಗೆ ಸರಿಯಾಗಿ ನಡೆದ ಏಳು ಕಾರ್ಡ್‌ನ ಜೋಡಣೆ ನಾಲ್ಕನೇ ಕಾರ್ಡಿಗೇ ಡಿಕ್ಕಿ ಹೊಡೆಯುತ್ತದೆ. ತಮಾಷೆ ಅಂದರೆ ಈಗ ದಾರಿ ಇನ್ನೂ ಸುಲಭ: 'ಮುಂದೆ, ಮುಂದೆ, ಬಲ, ಮುಂದೆ, ಮುಂದೆ, ಮುಂದೆ', ಆರೇ ಕಾರ್ಡ್. ಆದರೆ ನಮ್ಮ ರೋಬೋಟ್‌ಗೆ ಕುರ್ಚಿ ಕಾಣುವುದಿಲ್ಲ. 'ಮುಂದೆ ಕುರ್ಚಿ ಇದ್ದರೆ' ಅನ್ನುವ ಕಾರ್ಡನ್ನು ನಾವಿನ್ನೂ ಮಾಡಿಲ್ಲ.